ಕುರ್ಚಿ ಸಿಗುವುದು ಬೇರೆ, ಕೆಲಸ ನಡೆಸುವುದು ಬೇರೆ

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಎಂಬಿಎ ಮೊದಲ ವರ್ಷದಲ್ಲಿದ್ದೇನೆ, ಊರು ಗದಗ ಕಡೆ. ‘ನಾಯಕರು ಹುಟ್ಟುತ್ತಾರೋ, ತಯಾರಾಗುತ್ತಾರೋ? ಗುಣಲಕ್ಷಣ ಮತ್ತು ವರ್ತನಾ ಸಿದ್ಧಾಂತಗಳ ಆಧಾರದ ಮೇಲೆ ಚರ್ಚಿಸಿ’ ಅಂತ ಪ್ರಬಂಧ ಕೊಟ್ಟಿದ್ದಾರೆ. ಯಾವ ನೋಟ್ಸ್ ತೆಗೆದರೂ ಕೊನೆಗೆ ‘ಎರಡೂ ಬೇಕು’ ಅಂತಲೇ ಇದೆ. ಅಷ್ಟೇ ಬರೆದರೆ ಸಾಕಾ? ನಮ್ಮ ಕಡೆಯ ಉದಾಹರಣೆ ಹಾಕಬಹುದಾ? ಮ್ಯಾನೇಜೀರಿಯಲ್ ಗ್ರಿಡ್ ಚಿತ್ರ ಬರೆಯಲೇಬೇಕಾ?

ಉತ್ತರ: ‘ಎರಡೂ ಬೇಕು’ ಅಂತ ಬರೆದರೆ ಪಾಸಂತೂ ಆಗುತ್ತೀರಿ. ಮಾತು ತಪ್ಪೂ ಅಲ್ಲ. ಆದರೆ ಯಾವುದು ಎಷ್ಟು, ಯಾವುದಕ್ಕೆ ಎಂದು ಕೇಳಿದರೆ ಆ ಉತ್ತರದ ಹತ್ತಿರ ಏನೂ ಇರುವುದಿಲ್ಲ. ಪೇಪರ್ ತಿದ್ದುವವರು ಅದೇ ಸಾಲನ್ನು ದಿನಕ್ಕೆ ಐವತ್ತು ಸಲ ಓದಿರುತ್ತಾರೆ.

ನಿಮಗೆ ಕೊಟ್ಟಿರುವುದು ಒಂದು ಪ್ರಶ್ನೆಯಂತೆ ಕಾಣುತ್ತದೆ, ಒಳಗೆ ಎರಡಿವೆ. ಒಂದು: ಹತ್ತು ಜನ ಕೂತಲ್ಲಿ ಮುಂದಾಳು ಅಂತ ಯಾರನ್ನು ಒಪ್ಪಿಕೊಳ್ಳುತ್ತಾರೆ, ಕುರ್ಚಿ ಯಾರಿಗೆ ಸಿಗುತ್ತದೆ? ಇನ್ನೊಂದು: ಕುರ್ಚಿ ಮೇಲೆ ಕೂತ ಮೇಲೆ ಯಾರು ಆ ಹತ್ತು ಜನರನ್ನು ಕಟ್ಟಿಕೊಂಡು ಕೆಲಸ ಸರಿಯಾಗಿ ನಡೆಸುತ್ತಾರೆ? ನಾಯಕರಾಗುವವರಲ್ಲಿ ಕೆಲವು ವಿಶೇಷ ಗುಣಗಳಿರುತ್ತವೆ ಎನ್ನುವ ಗುಣಲಕ್ಷಣ ಸಿದ್ಧಾಂತದ ಪುರಾವೆ ಮೊದಲನೆಯದರಲ್ಲಿ ಗಟ್ಟಿಯಾಗಿದೆ. ನಾಯಕರು ಹೇಗಿದ್ದಾರೆ ಎನ್ನುವುದಕ್ಕಿಂತ ಏನು ಮಾಡುತ್ತಾರೆ ಎಂದು ನೋಡುವ ವರ್ತನಾ ಸಿದ್ಧಾಂತಕ್ಕೆ ಎರಡನೆಯದರಲ್ಲಿ ಹೆಚ್ಚು ಹೇಳಲಿಕ್ಕಿದೆ. ಕಲಿತ ವರ್ತನೆ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಮೂರನೆಯ ಸಂಗತಿಯೊಂದಿದೆ, ನೋಟ್ಸ್‌ಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಬಂಧದ ಮೊದಲ ಪ್ಯಾರಾದಲ್ಲೇ ಈ ಎರಡು ಪ್ರಶ್ನೆಗಳನ್ನು ಬಿಡಿಸಿಡಿ.

ಚರಿತ್ರೆಗೆ ಜಾಸ್ತಿ ಜಾಗ ಕೊಡಬೇಡಿ. 1840ರಲ್ಲಿ ಥಾಮಸ್ ಕಾರ್ಲೈಲ್ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟು, ಜಗತ್ತಿನ ಚರಿತ್ರೆ ಅಂದರೆ ದೊಡ್ಡವರ ಚರಿತ್ರೆ ಎಂದರು. 1869ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಹೆಸರು ಮಾಡಿದ ನ್ಯಾಯಾಧೀಶರು, ಸೇನಾಪತಿಗಳು, ವಿದ್ವಾಂಸರ ವಂಶಾವಳಿ ಹಿಡಿದು ಕೂತರು. ಅಂಥವರ ಮನೆಯಲ್ಲೇ ಅಂಥವರು ಹೆಚ್ಚು ಹುಟ್ಟುತ್ತಾರೆ, ಹಾಗಾಗಿ ಸಾಮರ್ಥ್ಯ ರಕ್ತದಲ್ಲಿ ಬರುತ್ತದೆ ಎಂದು ತೀರ್ಮಾನಿಸಿದರು. ಇದರ ಲೋಪ ನಮ್ಮ ಕಡೆಯವರಿಗೆ ಬೇಗ ಹೊಳೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಗೌಡಕಿ, ಕುಲಕರ್ಣಿಕಿ ಅಪ್ಪನಿಂದ ಮಗನಿಗೆ ಬರುತ್ತಿದ್ದವು. ಮಗನಿಗೆ ಬಂದದ್ದು ರಕ್ತದ ಗುಣವೋ, ವತನವೋ, ಹೊಲವೋ, ಕಚೇರಿಯವರ ಪರಿಚಯವೋ? ವಂಶಾವಳಿ ನೋಡಿ ಇದನ್ನು ಬೇರ್ಪಡಿಸಲು ಬರುವುದಿಲ್ಲ. ಇಷ್ಟು ಬರೆದು ಮುಂದಕ್ಕೆ ಹೋಗಿ.

ಗುಣಲಕ್ಷಣ ಸಿದ್ಧಾಂತದ ನಿಜವಾದ ಪರೀಕ್ಷೆ ನಡೆದದ್ದು 1948ರಲ್ಲಿ. ರಾಲ್ಫ್ ಸ್ಟಾಗ್ಡಿಲ್ ಅಲ್ಲಿಯವರೆಗೆ ನಡೆದ 124 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬುದ್ಧಿ, ಹೊಣೆ ಹೊರುವುದು, ಚಟುವಟಿಕೆ, ಜನರ ಜೊತೆ ಬೆರೆಯುವುದು ಇಂಥ ಕೆಲವು ಗುಣಗಳು ನಾಯಕರಲ್ಲಿ ಸರಾಸರಿಗಿಂತ ಸ್ವಲ್ಪ ಹೆಚ್ಚು ಕಂಡವು. ಆದರೆ ಎಲ್ಲ ಕಡೆ ಒಂದೇ ಪಟ್ಟಿ ಕೆಲಸ ಮಾಡಲಿಲ್ಲ. ಇಂತಿಂಥ ಗುಣಗಳನ್ನು ಕೂಡಿಸಿಕೊಂಡ ಮಾತ್ರಕ್ಕೆ ಯಾರೂ ನಾಯಕರಾಗುವುದಿಲ್ಲ, ಆ ಗುಣಗಳು ಹಿಂಬಾಲಿಸುವವರ ಸ್ವಭಾವಕ್ಕೆ, ಅವರ ಕೆಲಸ ಮತ್ತು ಗುರಿಗೆ ಹೊಂದಬೇಕು ಎಂಬುದು ಅವರ ತೀರ್ಮಾನ. ಬುದ್ಧಿಯ ವಿಷಯದಲ್ಲಿ ಒಂದು ಸೊಗಸಾದ ಸಂಗತಿಯನ್ನೂ ಅವರು ಗುರುತಿಸಿದರು. ಗುಂಪಿನವರಿಗಿಂತ ನಾಯಕ ಸ್ವಲ್ಪ ಚುರುಕಿದ್ದರೆ ಅನುಕೂಲ, ಅಂತರ ಬಹಳವಾದರೆ ಅದೇ ತೊಡಕು. ಅವನ ಮಾತು ಇವರಿಗೆ ತಿಳಿಯುವುದಿಲ್ಲ, ಇವರ ಚಿಂತೆ ಅವನಿಗೆ ತಟ್ಟುವುದಿಲ್ಲ.

‘1948ರಲ್ಲಿ ಗುಣಲಕ್ಷಣ ಸಿದ್ಧಾಂತ ಸತ್ತಿತು’ ಅಂತ ಕೆಲವು ನೋಟ್ಸ್‌ನಲ್ಲಿ ಬರೆದಿರುತ್ತಾರೆ. ಹಾಗೆ ಬರೆಯಬೇಡಿ. ಅದು ಸಾಯಲಿಲ್ಲ, ಅಳೆಯುವ ಕೋಲು ಸುಧಾರಿಸಿತು. 2002ರಲ್ಲಿ ತಿಮೊತಿ ಜಡ್ಜ್ ಮತ್ತು ಸಂಗಡಿಗರು ವ್ಯಕ್ತಿತ್ವದ ಐದು ದೊಡ್ಡ ಗುಣಗಳನ್ನು ಹಿಡಿದು ಹಳೆಯ ಅಧ್ಯಯನಗಳ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿದರು. ಅವರ ಕೋಷ್ಟಕದಲ್ಲಿ ನಾನು ಮೇಲೆ ಹೇಳಿದ ಎರಡೂ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಂ ಇದೆ. ನಿಮ್ಮ ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಿಕ್ಕಿಲ್ಲ.

ಎರಡೇ ಗುಣ ತೆಗೆದುಕೊಳ್ಳೋಣ. ಸಹಸಂಬಂಧ ಅಂದರೆ ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ: ಸೊನ್ನೆ ಅಂದರೆ ಅಂಥ ನಂಟಿಲ್ಲ, 1 ಅಂದರೆ ಪೂರ್ತಿ ನಂಟು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಮಾತಾಡುವ, ಉತ್ಸಾಹದಿಂದ ಮುಂದೆ ಬರುವ ಬಹಿರ್ಮುಖ ಗುಣಕ್ಕೂ ನಾಯಕನಾಗಿ ಹೊರಹೊಮ್ಮುವುದಕ್ಕೂ ಇರುವ ಸಹಸಂಬಂಧ 0.33. ಅದೇ ಗುಣಕ್ಕೂ ನಾಯಕನಾದ ಮೇಲೆ ಚೆನ್ನಾಗಿ ಕೆಲಸ ಮಾಡುವುದಕ್ಕೂ ಇರುವ ಸಹಸಂಬಂಧ 0.24. ಇಳಿಯಿತು. ಈಗ ಹೊಂದಿಕೊಂಡು ಹೋಗುವ, ಇನ್ನೊಬ್ಬರಿಗೆ ಮರುಗುವ ಮೆದು ಗುಣ ನೋಡಿ. ಕುರ್ಚಿ ಹತ್ತಲು ಅದರಿಂದ ಏನೂ ಉಪಯೋಗವಿಲ್ಲ, ಬರೀ 0.05. ಕುರ್ಚಿಯಲ್ಲಿ ಕೂತ ಮೇಲಿನ ಕೆಲಸಕ್ಕೆ ಬಂದರೆ 0.21. ಏರಿತು. ಅಂದರೆ ಆರಿಸುವಾಗ ನಾವು ನೋಡುವ ಗುಣಗಳೂ ಆಮೇಲೆ ನಮಗೆ ಬೇಕಾಗುವ ಗುಣಗಳೂ ಪೂರ್ತಿ ಒಂದೇ ಅಲ್ಲ. ನಿಮ್ಮ ಕ್ಲಾಸಿನ ಸಿಆರ್ ಆಯ್ಕೆಯನ್ನೋ, ಓಣಿಯ ಗಣೇಶೋತ್ಸವ ಮಂಡಳಿಯ ಮೊದಲ ಸಭೆಯನ್ನೋ ನೆನಪು ಮಾಡಿಕೊಳ್ಳಿ. ಮೊದಲು ಮಾತಾಡಿದವನು, ಜೋರಾಗಿ ಮಾತಾಡಿದವನು ಅಧ್ಯಕ್ಷನಾಗುತ್ತಾನೆ. ವಿಸರ್ಜನೆ ಮುಗಿದ ಮೇಲೆ ಪೆಂಡಾಲಿನವನ ಬಾಕಿ, ಮೈಕ್ ಸೆಟ್ಟಿನವನ ಬಾಕಿ ತೀರಿಸಿ ಲೆಕ್ಕ ಒಪ್ಪಿಸುವವನು ಹೆಚ್ಚಾಗಿ ಬೇರೆ ಯಾರೋ.

ಈ ಅಂಕಿಗಳನ್ನು ಬರೆಯುವಾಗ ಒಂದು ಎಚ್ಚರಿಕೆ. 0.33 ಅಂದರೆ ಶೇಕಡ 33 ಅಲ್ಲ. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲನ್ನು ಆ ಗುಣ ವಿವರಿಸುತ್ತದೆ ಎಂದು ತಿಳಿಯಲು ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. ಆಗ ಸುಮಾರು ಶೇಕಡ 11 ಬರುತ್ತದೆ. ಉಳಿದ 89 ಬೇರೆ ಕಡೆ ಇದೆ.

ಇಷ್ಟಾದರೂ ಗುಣ ಇದೆ ಅಂದ ಮಾತ್ರಕ್ಕೆ ಅದು ಹುಟ್ಟಿನಿಂದಲೇ ಬಂತು ಅಂತ ಹೇಳಲಾಗದು. ಗುಣವೂ ಬೆಳೆಯುತ್ತಾ ಬಂದಿರಬಹುದು, ಅಲ್ವಾ? ಹುಟ್ಟಿನ ಪಾಲು ಎಷ್ಟು ಅಂತ ನೇರವಾಗಿ ಕೇಳಿದವರು ಅವಳಿಗಳನ್ನು ಅಧ್ಯಯನ ಮಾಡಿದವರು. 2006ರಲ್ಲಿ ರಿಚರ್ಡ್ ಆರ್ವಿ ಮತ್ತು ಸಂಗಡಿಗರು ಅಮೆರಿಕದ ಮಿನ್ನೆಸೋಟದ ಅವಳಿಗಳ ನೋಂದಣಿಯಿಂದ ಒಟ್ಟಿಗೇ ಬೆಳೆದ ಗಂಡು ಅವಳಿಗಳನ್ನು ತೆಗೆದುಕೊಂಡರು. ತರ್ಕ ಸರಳ. ಒಂದೇ ಅಂಡದಿಂದ ಬಂದ ತದ್ರೂಪಿ ಅವಳಿಗಳಲ್ಲಿ ವಂಶವಾಹಿ ಪೂರ್ತಿ ಒಂದೇ. ಎರಡು ಅಂಡದ ಅವಳಿಗಳಲ್ಲಿ ಬೇರೆ ಅಣ್ಣತಮ್ಮಂದಿರ ಹಾಗೆ ಸರಾಸರಿ ಅರ್ಧ ಹಂಚಿಕೆ. ಎರಡೂ ಬಗೆಯ ಜೋಡಿಗಳು ಒಂದೇ ಮನೆಯ ಅನ್ನ ತಿಂದು ಬೆಳೆದಿವೆ. ತದ್ರೂಪಿ ಜೋಡಿಗಳು ನಾಯಕ ಸ್ಥಾನ ಹಿಡಿಯುವುದರಲ್ಲಿ ಒಬ್ಬರನ್ನೊಬ್ಬರು ಹೆಚ್ಚು ಹೋಲುತ್ತಿದ್ದರೆ ಆ ಹೆಚ್ಚುವರಿ ಹೋಲಿಕೆಗೆ ಕಾರಣ ವಂಶವಾಹಿ ಇರಬೇಕು. ಹೀಗೆ ಲೆಕ್ಕ ಹಾಕಿದಾಗ ಬಂದ ಉತ್ತರ ಸುಮಾರು ಶೇಕಡ 30. ಮರುವರ್ಷ ಹೆಣ್ಣು ಅವಳಿಗಳಲ್ಲಿ ನೋಡಿದಾಗಲೂ ಹೆಚ್ಚು ಕಡಿಮೆ ಅಷ್ಟೇ ಬಂತು.

ಈ 30ನ್ನು ವಿದ್ಯಾರ್ಥಿಗಳು ಮೂರು ಕಡೆ ತಪ್ಪಾಗಿ ಓದುತ್ತಾರೆ. ‘ನನ್ನ ನಾಯಕತ್ವದ ಶೇಕಡ 30 ಅಪ್ಪ ಅಮ್ಮನಿಂದ ಬಂತು’ ಎಂದು ಅರ್ಥವಲ್ಲ. ಆ ಗುಂಪಿನ ಜನರ ನಡುವಿನ ವ್ಯತ್ಯಾಸದಲ್ಲಿ ಅಷ್ಟು ಪಾಲು ವಂಶವಾಹಿಯ ವ್ಯತ್ಯಾಸಕ್ಕೆ ಸೇರಿದ್ದು ಎಂದರ್ಥ. ಒಬ್ಬ ಮನುಷ್ಯನನ್ನು ಹಿಡಿದು ಆ ಮಾತು ಹೇಳಲು ಬರುವುದಿಲ್ಲ. ಎರಡನೆಯದಾಗಿ, ಉಳಿದ 70 ಮನೆಯ ಸಂಸ್ಕಾರ ಅಂದುಕೊಳ್ಳುತ್ತಾರೆ. ಅವಳಿಗಳಿಬ್ಬರಿಗೂ ಸಮಾನವಾಗಿ ಸಿಕ್ಕ ಮನೆಯ ವಾತಾವರಣದ ಪಾಲು ಲೆಕ್ಕದಲ್ಲಿ ಹತ್ತಿರ ಹತ್ತಿರ ಸೊನ್ನೆ. ಉಳಿದದ್ದು ಇಬ್ಬರಲ್ಲಿ ಒಬ್ಬನಿಗೆ ಸಿಕ್ಕು ಇನ್ನೊಬ್ಬನಿಗೆ ಸಿಗದ ಅನುಭವಗಳು: ಬೇರೆ ಕೆಲಸ, ಬೇರೆ ಮೇಲಧಿಕಾರಿ, ಒಂದು ಸಲ ಸಿಕ್ಕ ಜವಾಬ್ದಾರಿ. ಅಳತೆಯ ತಪ್ಪೂ ಅದರೊಳಗೇ ಸೇರಿಕೊಂಡಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅವರು ಕೇಳಿದ್ದು ‘ಯಾವ ಯಾವ ಹುದ್ದೆ ಹಿಡಿದಿದ್ದೀರಿ’ ಎಂದು. ಅಂದರೆ ಅಳೆದದ್ದು ಕುರ್ಚಿಯನ್ನು. ಆ ಕುರ್ಚಿಯಲ್ಲಿ ಕೂತು ಏನು ಮಾಡಿದರು ಎಂಬುದು ಆ 30ರೊಳಗೆ ಇಲ್ಲವೇ ಇಲ್ಲ.

2009ರಲ್ಲಿ ಅದೇ ಬಳಗದವರು ಇನ್ನೊಂದು ಹೆಜ್ಜೆ ಇಟ್ಟರು. ಅನುಕೂಲಸ್ಥ ಮನೆಯಲ್ಲಿ, ಅಪ್ಪ ಅಮ್ಮನ ಬೆಂಬಲದಲ್ಲಿ, ಜಗಳ ಕಡಿಮೆ ಇರುವ ವಾತಾವರಣದಲ್ಲಿ ಬೆಳೆದವರಲ್ಲಿ ವಂಶವಾಹಿಯ ಪಾಲು ಕಡಿಮೆ ಕಂಡಿತು. ಕಷ್ಟದ ಮನೆಯವರಲ್ಲಿ ಹೆಚ್ಚು. ಹುಟ್ಟಿನ ಪಾಲು ಎಷ್ಟು ಎಂಬುದೇ ಬೆಳೆದ ಜಾಗದ ಮೇಲೆ ನಿಂತಿದೆ! ‘ಹುಟ್ಟೋ, ತಯಾರಿಯೋ’ ಎಂಬ ಜಗಳ ಇಲ್ಲಿ ಸುಮ್ನೆ ಕರಗಿಹೋಗುತ್ತದೆ. ಪ್ರಬಂಧದಲ್ಲಿ ಇದಕ್ಕೆ ನಾಲ್ಕು ಸಾಲು ಕೊಟ್ಟರೆ ಓದುವವರು ತಲೆ ಎತ್ತಿ ನೋಡುತ್ತಾರೆ.

ಈಗ ವರ್ತನೆಯ ಕಡೆ ಬನ್ನಿ. 1930ರ ದಶಕದ ಕೊನೆಗೆ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಹತ್ತು ವರ್ಷದ ಆಸುಪಾಸಿನ ಹುಡುಗರನ್ನು ಐದೈದು ಜನರ ಕ್ಲಬ್ ಮಾಡಿ, ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಪ್ರತಿ ಕ್ಲಬ್ಬಿಗೂ ಒಬ್ಬ ದೊಡ್ಡವರು ನಾಯಕರು. ಒಬ್ಬರದು ಅಪ್ಪಣೆ ಮಾಡುವ ಶೈಲಿ, ಒಬ್ಬರದು ಕೂಡಿ ತೀರ್ಮಾನಿಸುವ ಶೈಲಿ, ಇನ್ನೊಬ್ಬರದು ಏನಾದರೂ ಮಾಡಿಕೊಳ್ಳಿ ಅಂತ ಬಿಟ್ಟುಬಿಡುವ ಶೈಲಿ. ನೋಟ್ಸ್‌ನಲ್ಲಿ ಮೂರು ಶೈಲಿಯ ಹೆಸರು ಸಿಗುತ್ತವೆ, ಪ್ರಯೋಗದ ತಿರುಳು ಸಿಗುವುದಿಲ್ಲ. ಕೆಲವು ವಾರಕ್ಕೊಮ್ಮೆ ನಾಯಕರನ್ನು ಬದಲಿಸುತ್ತಿದ್ದರು, ಒಬ್ಬರೇ ಮನುಷ್ಯ ಒಂದು ಕ್ಲಬ್ಬಿನಲ್ಲಿ ಅಪ್ಪಣೆಯ ನಾಯಕ, ಮತ್ತೊಂದರಲ್ಲಿ ಕೂಡಿ ನಡೆಸುವ ನಾಯಕ. ಮನುಷ್ಯ ಅವರೇ, ಹುಟ್ಟೂ ಅದೇ. ಶೈಲಿ ಬದಲಾದಾಗ ಗುಂಪಿನ ನಡವಳಿಕೆ ಬದಲಾಯಿತು. ವರ್ತನಾ ಸಿದ್ಧಾಂತದ ಪರವಾಗಿ ಇದಕ್ಕಿಂತ ಸ್ಪಷ್ಟ ಪುರಾವೆ ಹುಡುಕುವುದು ಕಷ್ಟ.

ಫಲಿತಾಂಶವನ್ನೂ ಪೂರ್ತಿ ಬರೆಯಿರಿ, ಅರ್ಧ ಬರೆಯಬೇಡಿ. ಅಪ್ಪಣೆಯ ನಾಯಕನಿಗೆ ಬಗ್ಗಿ ನಡೆದ ಗುಂಪುಗಳು, ನಾಯಕ ಎದುರಿಗಿದ್ದಾಗ ಶೇಕಡ 74 ಸಮಯ ಕೆಲಸದಲ್ಲಿ ಕಳೆದವು. ಅವನು ಹೊರಗೆ ಹೋದ ಕೂಡಲೇ ಅದು 29ಕ್ಕೆ ಬಿತ್ತು. ಕೂಡಿ ನಡೆಸುವ ಗುಂಪುಗಳಲ್ಲಿ ನಾಯಕ ಇದ್ದಾಗ 50, ಇಲ್ಲದಾಗ 46. ಎದುರಿಗಿದ್ದಾಗಿನ ಲೆಕ್ಕ ಮಾತ್ರ ನೋಡಿದರೆ ಅಪ್ಪಣೆಯ ನಾಯಕನೇ ಗೆದ್ದ! ಸಾಹೇಬರು ಕ್ಯಾಬಿನ್ನಿನ ಗಾಜಿನಿಂದ ನೋಡುವುದು ಆ 74ನ್ನೇ. 29ನ್ನು ಅವರು ನೋಡುವುದೇ ಇಲ್ಲ.

ಯುದ್ಧ ಮುಗಿದ ಮೇಲೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಯೋಗ ಬಿಟ್ಟು ನಿಜವಾದ ಕೆಲಸದ ಜಾಗಕ್ಕೆ ಹೋದರು. ನಾಯಕರು ಏನೇನು ಮಾಡುತ್ತಾರೆ ಅಂತ ಸುಮಾರು 1,800 ವಾಕ್ಯ ಕೂಡಿಸಿ, ಸೋಸಿ 150ಕ್ಕೆ ಇಳಿಸಿ, ಕೈಕೆಳಗಿನವರ ಕೈಯಲ್ಲಿ ತುಂಬಿಸಿದರು. ಉತ್ತರಗಳು ಎರಡು ಗುಂಪಾಗಿ ಬಿದ್ದವು. ಒಂದಕ್ಕೆ ಕನ್ಸಿಡರೇಶನ್ ಎಂದರು, ನಾವು ಕಾಳಜಿ ಅನ್ನೋಣ: ಮಾತು ಕೇಳಲು ಸಮಯ ಕೊಡುವುದು, ಗೌರವದಿಂದ ನಡೆಸಿಕೊಳ್ಳುವುದು, ತೀರ್ಮಾನದ ಮೊದಲು ಒಂದು ಮಾತು ಕೇಳುವುದು. ಇನ್ನೊಂದು ಇನಿಶಿಯೇಟಿಂಗ್ ಸ್ಟ್ರಕ್ಚರ್, ಕೆಲಸಕ್ಕೆ ಚೌಕಟ್ಟು ಹಾಕುವುದು: ಯಾರು ಏನು ಮಾಡಬೇಕು, ಎಷ್ಟು ಹೊತ್ತಿಗೆ, ಯಾವ ಮಟ್ಟದಲ್ಲಿ ಅಂತ ಸ್ಪಷ್ಟ ಮಾಡುವುದು. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಲ್ಲ. ಒಬ್ಬರೇ ಎರಡರಲ್ಲೂ ಮೇಲಿರಬಹುದು, ಎರಡರಲ್ಲೂ ಕೆಳಗಿರಬಹುದು. ಮಿಷಿಗನ್ ವಿಶ್ವವಿದ್ಯಾಲಯದವರೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿದ್ದರು, ಅದನ್ನು ಎರಡು ಸಾಲಿನಲ್ಲಿ ಮುಗಿಸಿ.

ವರ್ತನೆ ಅಂದ ಮೇಲೆ ಕಲಿಸಬಹುದು. ಕಲಿಸಬಹುದಾದರೆ ನಾಯಕರನ್ನು ತಯಾರಿಸಬಹುದು. ಎಲ್ಲರ ನೋಟ್ಸ್ ಇಲ್ಲಿಗೆ ನಿಲ್ಲುತ್ತದೆ. ನಿಮ್ಮ ಪ್ರಬಂಧ ಇಲ್ಲಿಂದ ಶುರುವಾಗಲಿ, ಯಾಕೆಂದರೆ ಅದೇ ಓಹಾಯೋ ಗುಂಪಿನ ಎಡ್ವಿನ್ ಫ್ಲೀಷ್‌ಮನ್ ಕಲಿಸಿದ ಮೇಲೆ ಏನಾಗುತ್ತದೆ ಎಂದು ಹೋಗಿ ನೋಡಿದರು.

ಟ್ರ್ಯಾಕ್ಟರ್, ಟ್ರಕ್ ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ ಫೋರ್‌ಮನ್‌ಗಳನ್ನು ಬೇರೆ ಬೇರೆ ಕಾರ್ಖಾನೆಗಳಿಂದ ಷಿಕಾಗೋದ ತನ್ನ ತರಬೇತಿ ಶಾಲೆಗೆ ಎರಡು ವಾರ ಕಳಿಸುತ್ತಿತ್ತು. ಪಾಠದಲ್ಲಿ ಜನರ ಜೊತೆ ಹೇಗಿರಬೇಕು ಎಂಬುದಕ್ಕೆ ಒತ್ತು. ಶಾಲೆ ಮುಗಿದ ದಿನ ಅಳೆದಾಗ ಫಲಿತಾಂಶ ಚೆನ್ನಾಗಿತ್ತು: ಕಾಳಜಿಯ ಕಡೆ ಒಲವು ಏರಿತ್ತು, ಚೌಕಟ್ಟಿನ ಬಿಗಿ ಇಳಿದಿತ್ತು. ತರಬೇತಿ ಕೊಡುವ ಹೆಚ್ಚಿನವರು ಇಲ್ಲೇ ಸರ್ಟಿಫಿಕೇಟ್ ಕೊಟ್ಟು, ಗ್ರೂಪ್ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ.

ಫ್ಲೀಷ್‌ಮನ್ ಕಾರ್ಖಾನೆಗೆ ಹೋದರು. ತರಬೇತಿಯೇ ಆಗದವರನ್ನೂ, ತರಬೇತಿ ಮುಗಿಸಿ ಕೆಲವೇ ತಿಂಗಳಾದವರನ್ನೂ, ವರ್ಷಗಳೇ ಕಳೆದವರನ್ನೂ ಹೋಲಿಸಿದರು. ಶಾಲೆಯಲ್ಲಿ ಕಂಡ ಸುಧಾರಣೆ ಅಲ್ಲಿ ಉಳಿದಿರಲಿಲ್ಲ. ಫೋರ್‌ಮನ್ ಹೇಗೆ ನಡೆದುಕೊಳ್ಳುತ್ತಾನೆ ಎಂಬುದಕ್ಕೆ ಅವನ ತರಬೇತಿಗಿಂತ ಹೆಚ್ಚು ಹೊಂದಿಕೊಂಡಿದ್ದು ಅವನ ಮೇಲಿನವನ ನಡವಳಿಕೆ. ಮೇಲಿನವನು ಕಾಳಜಿಯವನಾಗಿದ್ದರೆ ಇವನೂ ಹಾಗೆ. ಮೇಲಿನವನು ಬರೀ ಉತ್ಪಾದನೆ ಕೇಳುವವನಾಗಿದ್ದರೆ ಎರಡು ವಾರದ ಪಾಠ ಗಾಳಿಗೆ ಹೋಯಿತು. ಇದಕ್ಕೆ ಅವರು ಕೊಟ್ಟ ಹೆಸರು ನಾಯಕತ್ವದ ಹವಾಮಾನ. ನಾನು ಮೊದಲಿಗೆ ಹೇಳಿದ ಮೂರನೆಯ ಸಂಗತಿ ಇದೇ.

ಇನ್ನೊಂದು ಕಹಿ ಸಂಗತಿಯೂ ಅಲ್ಲಿ ಕಂಡಿತು. ಉತ್ಪಾದನಾ ವಿಭಾಗಗಳಲ್ಲಿ ಮೇಲಧಿಕಾರಿಗಳು ‘ಒಳ್ಳೆಯ ಫೋರ್‌ಮನ್’ ಎಂದು ಹೆಚ್ಚು ಅಂಕ ಕೊಟ್ಟದ್ದು ಬಿಗಿ ಹೆಚ್ಚು, ಕಾಳಜಿ ಕಡಿಮೆ ಇರುವವರಿಗೆ. ಅಂಥವರ ಕೈಕೆಳಗೇ ಗೈರುಹಾಜರಿ ಮತ್ತು ದೂರು ಜಾಸ್ತಿ ಇದ್ದವು.

ಇದನ್ನು ನಮ್ಮ ನೆಲಕ್ಕೆ ತಂದು ನೋಡೋಣ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲೋ ತಾರಿಹಾಳದಲ್ಲೋ ವಾಲ್ವ್ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ ಅಂದುಕೊಳ್ಳಿ. ಹದಿನೈದು ಲೇತ್, ಎರಡು ಪಾಳಿ. ಹತ್ತು ವರ್ಷ ಲೇತ್ ಮೇಲೆ ದುಡಿದ, ಕೈಕೆಲಸದಲ್ಲಿ ಪಳಗಿದ ಒಬ್ಬನನ್ನು ಸೂಪರ್‌ವೈಸರ್ ಮಾಡಿದ್ದಾರೆ. ಯಾಕೆ ಇವನನ್ನೇ ಆರಿಸಿದರು? ಕೆಲಸ ಬರುತ್ತದೆ, ಧ್ವನಿ ಇದೆ, ಯಾರಿಗೂ ಹೆದರುವುದಿಲ್ಲ. ಇಲ್ಲಿಯವರೆಗೆ ಗುಣಲಕ್ಷಣ ಸಿದ್ಧಾಂತದ ಕತೆ.

ಬೆಳಗಿನ ಪಾಳಿಯಲ್ಲಿ ಒಬ್ಬ ಹೊಸ ಹುಡುಗನ ಎಂಟು ಪೀಸ್ ಗೇಜಿನಲ್ಲಿ ನಿಲ್ಲಲಿಲ್ಲ, ಒಳವ್ಯಾಸ ಚಿಕ್ಕದಾಗಿದೆ. ನಮ್ಮ ಸೂಪರ್‌ವೈಸರ್ ಎಲ್ಲರೆದುರಿಗೆ ಬೈದು, ಹುಡುಗನನ್ನು ಪಕ್ಕಕ್ಕೆ ಸರಿಸಿ, ತಾನೇ ಟೂಲ್ ಕಟ್ಟಿ ಒಂಬತ್ತನೆಯ ಪೀಸ್ ಸರಿ ತೆಗೆದು ತೋರಿಸಿ ಹೋದ. ಕೆಲಸ ಆಯಿತು. ಹುಡುಗನಿಗೆ ಟೂಲ್ ತುದಿ ಸವೆದದ್ದು ಕಾರಣವೋ, ಆಫ್‌ಸೆಟ್ ತಪ್ಪು ಕಾರಣವೋ ಗೊತ್ತಾಗಲೇ ಇಲ್ಲ. ಇಲ್ಲಿ ಕಾಳಜಿ ಇಲ್ಲ ಅಂತ ಎಲ್ಲರಿಗೂ ಕಾಣುತ್ತದೆ. ಚೌಕಟ್ಟೂ ಇಲ್ಲ ಎಂಬುದು ಬೇಗ ಕಾಣುವುದಿಲ್ಲ. ಪ್ರತಿ ಹತ್ತು ಪೀಸಿಗೆ ಒಮ್ಮೆ ಗೇಜ್ ಹಾಕು, ಎರಡು ಪೀಸ್ ತಪ್ಪಿದರೆ ಮಷೀನ್ ನಿಲ್ಲಿಸಿ ನನ್ನನ್ನು ಕರೆ ಅಂತ ಮೊದಲೇ ಹೇಳಿದ್ದರೆ ಅದು ಚೌಕಟ್ಟು. ಬೈಗುಳಕ್ಕೂ ಚೌಕಟ್ಟಿಗೂ ಸಂಬಂಧವಿಲ್ಲ. ಪ್ರಬಂಧಗಳಲ್ಲಿ ನಾನು ಹೆಚ್ಚು ಸಲ ಕಾಣುವ ಗೊಂದಲ ಇದು. ಗದರುವವನನ್ನು ‘ಕೆಲಸದ ಕಡೆ ಒಲವಿನ ನಾಯಕ’ ಅಂತ ಬರೆದುಬಿಡುತ್ತಾರೆ.

ಈಗ ಅವನನ್ನು ತರಬೇತಿಗೆ ಕಳಿಸಿದರು. ಬಂದ ಮೇಲೆ ಮೊದಲ ವಾರ ಪಾಳಿ ಶುರುವಿನಲ್ಲಿ ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿ ಡ್ರಾಯಿಂಗ್ ತೋರಿಸಿ ಮಾತಾಡಿದ. ತಪ್ಪಾದ ಪೀಸನ್ನು ಹುಡುಗನ ಕೈಗೇ ಕೊಟ್ಟು ‘ಎಲ್ಲಿ ತಪ್ಪ್ಯಾದ ನೋಡು’ ಎಂದ. ಸಂಜೆ ಮ್ಯಾನೇಜರ್ ಬಂದರು. ‘ಇವತ್ತ ಎಷ್ಟ್ ಪೀಸ್ ಆತು?’ ಅದೊಂದೇ ಪ್ರಶ್ನೆ. ಮರುದಿನವೂ ಅದೇ. ಮೂರನೆಯ ದಿನ ‘ಮುಂಜಾನೆ ಐದ್ ನಿಮಿಷ ಮಷೀನ್ ಯಾಕ ನಿಂತಿದ್ವು?’ ಎಂದರು. ತಿಂಗಳೊಳಗೆ ಐದು ನಿಮಿಷದ ಮಾತು ನಿಂತಿತು. ಎರಡು ತಿಂಗಳಿಗೆ ಹಳೆಯ ಬೈಗುಳ ಮರಳಿತು. ಇದನ್ನು ನೋಡಿದವರು ‘ಅವನ ಸ್ವಭಾವವೇ ಅಷ್ಟು, ನಾಯಕರು ಹುಟ್ಟಬೇಕು’ ಅನ್ನುತ್ತಾರೆ. ಫ್ಲೀಷ್‌ಮನ್ ಓದಿದವರು ಮ್ಯಾನೇಜರ್ ಕೇಳಿದ ಪ್ರಶ್ನೆಯನ್ನು ನೋಡುತ್ತಾರೆ. ಪರೀಕ್ಷಿಸುವ ದಾರಿಯೂ ಇದೆ. ಅದೇ ಮನುಷ್ಯನನ್ನು ರಿಜೆಕ್ಟ್ ಎಷ್ಟು, ಹೊಸಬರು ಎಷ್ಟು ಕಲಿತರು ಅಂತ ಕೇಳುವ ಮ್ಯಾನೇಜರ್ ಕೈಕೆಳಗೆ ಹಾಕಿ. ಐದು ನಿಮಿಷದ ಮಾತು ಮರಳಿ ಬಂದರೆ ದೋಷ ಹುಟ್ಟಿನದಲ್ಲ. ಅಲ್ಲೂ ಬರಲಿಲ್ಲ ಅಂದರೆ ಗುಣಲಕ್ಷಣದವರಿಗೆ ಒಂದು ಅಂಕ.

ವರ್ತನಾ ಸಿದ್ಧಾಂತಕ್ಕೂ ದೊಡ್ಡ ಬಿರುಕು ಒಂದಿದೆ, ಅದನ್ನು ಮುಚ್ಚಿಡಬೇಡಿ. 2004ರಲ್ಲಿ ಜಡ್ಜ್ ಮತ್ತು ಸಂಗಡಿಗರೇ ವರ್ತನೆಯ ಅಧ್ಯಯನಗಳನ್ನೂ ಕೂಡಿಸಿದಾಗ ನಾಯಕತ್ವದ ಫಲಿತಾಂಶದ ಜೊತೆ ಕಾಳಜಿಯ ಸಹಸಂಬಂಧ 0.48, ಚೌಕಟ್ಟಿನದು 0.29 ಬಂತು. ಗುಣಲಕ್ಷಣಗಳ ಅಂಕಿಗಿಂತ 0.48 ಎಷ್ಟೋ ದೊಡ್ಡದು. ಖುಷಿಯಾಗುತ್ತದೆ. ಆದರೆ ಬಹಳ ಅಧ್ಯಯನಗಳಲ್ಲಿ ‘ನಮ್ಮ ಸಾಹೇಬರು ಕಾಳಜಿ ಮಾಡುತ್ತಾರೆ’ ಎಂದು ಟಿಕ್ ಹಾಕಿದವರೂ ‘ನಮ್ಮ ಸಾಹೇಬರು ಇಷ್ಟ’ ಎಂದು ಟಿಕ್ ಹಾಕಿದವರೂ ಒಬ್ಬರೇ. ಇಷ್ಟದವರ ಬಗ್ಗೆ ಎಲ್ಲವನ್ನೂ ಒಳ್ಳೆಯದಾಗಿಯೇ ಬರೆಯುತ್ತೇವೆ. ಹಾಗಾಗಿ ಅಂಕಿ ಉಬ್ಬಿರುತ್ತದೆ.

ಕಾರಣ ಯಾವುದು, ಪರಿಣಾಮ ಯಾವುದು ಎಂಬ ಪ್ರಶ್ನೆಯೂ ಇದೆ. ಸೂಪರ್‌ವೈಸರ್ ಒಳ್ಳೆಯವನಾದ್ದರಿಂದ ಗುಂಪು ಚೆನ್ನಾಗಿ ದುಡಿಯಿತೋ, ಗುಂಪು ಚೆನ್ನಾಗಿ ದುಡಿದದ್ದರಿಂದ ಸೂಪರ್‌ವೈಸರ್ ಒಳ್ಳೆಯವನಾದನೋ? 1968ರಲ್ಲಿ ಲೋವಿನ್ ಮತ್ತು ಕ್ರೇಗ್ ಇದನ್ನು ತಲೆಕೆಳಗೆ ಮಾಡಿ ನೋಡಿದರು. ಮೇಲ್ವಿಚಾರಣೆ ಕೆಲಸಕ್ಕೆ ಬಂದವರ ಕೈಕೆಳಗೆ ಒಬ್ಬ ಗುಮಾಸ್ತನನ್ನು ಕೊಟ್ಟರು. ಅವನು ಸಂಶೋಧಕರ ಕಡೆಯವನೇ, ಕೆಲವರ ಹತ್ತಿರ ಚುರುಕಾಗಿ, ಕೆಲವರ ಹತ್ತಿರ ಕೆಲಸಗೇಡಿಯಾಗಿ ನಟಿಸಿದ. ಕೆಲಸಗೇಡಿ ಸಿಕ್ಕವರು ಬೆನ್ನ ಹಿಂದೆ ನಿಂತು ಕಾದರು, ಬಿಗಿ ಮಾಡಿದರು, ಕಾಳಜಿ ಕಡಿಮೆ ಮಾಡಿದರು. ಅಂದರೆ ಕೈಕೆಳಗಿನವರೂ ಮೇಲಿನವರನ್ನು ತಯಾರಿಸುತ್ತಾರೆ. ನಮ್ಮ ಲೇತ್ ಕತೆಯಲ್ಲಿ ಆ ಹೊಸ ಹುಡುಗನಿಗೂ ಒಂದು ಪಾಲು ಇದೆ.

ಊರ ಕಡೆಯ ಉದಾಹರಣೆ ಖಂಡಿತ ಹಾಕಿ. ನೀವು ಗದಗಿನವರು, ಕಣಗಿನಹಾಳ ಹತ್ತಿರದಲ್ಲೇ ಇದೆ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಿಮ್ಮ ಎರಡು ಪ್ರಶ್ನೆಗಳೂ ಅಲ್ಲಿವೆ. ಪಾಟೀಲ ಮನೆತನಕ್ಕೆ ಊರಲ್ಲಿ ಇರುವ ಮಾತಿನ ತೂಕ ಹುಟ್ಟಿನಿಂದ ಬಂದದ್ದು, ಆದರೆ ಅದು ವಂಶವಾಹಿಯಲ್ಲ, ಸ್ಥಾನ. ಪತ್ತಿನ ಸಂಘ ನಡೆಸುವುದು ಅಂದರೆ ಸದಸ್ಯರನ್ನು ಕೂಡಿಸುವುದು, ಯಾರಿಗೆ ಎಷ್ಟು ಸಾಲ ಎಂದು ನಿಶ್ಚಯಿಸುವುದು, ಸುಗ್ಗಿ ಮುಗಿದ ಮೇಲೆ ವಸೂಲಿ ಮಾಡುವುದು. ಅದು ವರ್ತನೆ. ಕಾಯ್ದೆಯೇ ಬಂದಿರದಿದ್ದರೆ ಎರಡೂ ಇದ್ದು ಆ ಸಂಘ ನೋಂದಣಿ ಆಗುತ್ತಿರಲಿಲ್ಲ. ಇದನ್ನು ವಿವರಣೆಯಾಗಿ ಬಳಸಿ, ಪುರಾವೆಯಾಗಿ ಬಳಸಬೇಡಿ. ಅಂಥದ್ದೇ ಮನೆತನದಲ್ಲಿ ಹುಟ್ಟಿ ಏನೂ ಕಟ್ಟದವರ ಲೆಕ್ಕ ನಮ್ಮ ಹತ್ತಿರ ಇಲ್ಲ. ಗೆದ್ದವರ ಹೆಸರು ಮಾತ್ರ ಜೋಡಿಸಿ ‘ನೋಡಿ, ಹುಟ್ಟು ನಾಯಕರು’ ಅನ್ನುವುದು ಗಾಲ್ಟನ್ ಮಾಡಿದ ಕೆಲಸವೇ. ಹಾಗೇ ದೊಡ್ಡ ದೊಡ್ಡ ರಾಷ್ಟ್ರನಾಯಕರ ಹೆಸರಿನ ಮೆರವಣಿಗೆಯನ್ನೂ ಬಿಟ್ಟುಬಿಡಿ.

ಗ್ರಿಡ್ ವಿಷಯ. ಬ್ಲೇಕ್ ಮತ್ತು ಮೌಟನ್ 1964ರಲ್ಲಿ ತಂದದ್ದು ಹೆಚ್ಚು ಕಡಿಮೆ ಕಾಳಜಿ, ಚೌಕಟ್ಟು ಎಂಬ ಅದೇ ಎರಡು ಅಳತೆಗಳನ್ನು 1ರಿಂದ 9ರವರೆಗೆ ಚೌಕಳಿ ಮಾಡಿ ಇಟ್ಟದ್ದು. ತರಬೇತಿಯವರಿಗೆ ಬಹಳ ಅನುಕೂಲ. ಎಲ್ಲ ಕಡೆಯೂ ಎರಡರಲ್ಲೂ 9 ಇರುವ 9,9 ಶೈಲಿಯೇ ಉತ್ತಮ ಎಂಬ ಅವರ ಮಾತಿಗೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಒಂದು ಸಾಲಿನಲ್ಲಿ ಹೇಳಿ, ಚೌಕಳಿ ಬರೆಯಲು ಅರ್ಧ ಪುಟ ಕಳೆಯಬೇಡಿ.

ಚಿತ್ರ ಬೇಕೇ ಬೇಕು ಅನ್ನಿಸಿದರೆ ಫ್ಲೀಷ್‌ಮನ್ ಮತ್ತು ಹ್ಯಾರಿಸ್ 1962ರಲ್ಲಿ ಕೊಟ್ಟ ಗ್ರಾಫ್ ಬರೆಯಿರಿ. ಅದು ಟ್ರಕ್ ಕಾರ್ಖಾನೆಯೊಂದರ 57 ಫೋರ್‌ಮನ್‌ಗಳದ್ದು. ಅಡ್ಡ ಗೆರೆಯ ಮೇಲೆ ಚೌಕಟ್ಟಿನ ಬಿಗಿ, ನಿಂತ ಗೆರೆಯ ಮೇಲೆ ಕಾರ್ಮಿಕರು ಬರೆದುಕೊಟ್ಟ ದೂರುಗಳು. ಒಳಗೆ ಮೂರು ಗೆರೆ. ಕಾಳಜಿ ಕಡಿಮೆ ಇರುವವರ ಗೆರೆ ಮೇಲೆಯೇ ಓಡುತ್ತದೆ, ಬಿಗಿ ಮಾಡಿದರೂ ಸಡಿಲ ಬಿಟ್ಟರೂ ದೂರು ತಪ್ಪಲಿಲ್ಲ. ನಡುಮಟ್ಟದವರ ಗೆರೆ ಬಿಗಿ ಹೆಚ್ಚಿದಂತೆ ಕಡಿದಾಗಿ ಏರುತ್ತದೆ. ಕಾಳಜಿ ಹೆಚ್ಚಿರುವವರ ಗೆರೆ ಕೆಳಗೇ ಇದ್ದು, ಬಿಗಿ ಬಹಳವಾದಾಗಲೂ ಸ್ವಲ್ಪ ಮಾತ್ರ ಮೇಲೇಳುತ್ತದೆ. ಮೂರು ಗೆರೆಗೂ ಹೆಸರು ಬರೆದು, ಕೆಳಗೆ ಎರಡು ಸಾಲು ವಿವರಣೆ ಕೊಡಿ. ನಿಮ್ಮ ಲೇತ್ ಸೂಪರ್‌ವೈಸರ್ ತರಬೇತಿಗೆ ಮೊದಲು ಯಾವ ಗೆರೆಯ ಮೇಲಿದ್ದ, ಮೊದಲ ವಾರ ಯಾವುದಕ್ಕೆ ಇಳಿದ, ಎರಡು ತಿಂಗಳಿಗೆ ಎಲ್ಲಿಗೆ ಮರಳಿದ ಅಂತ ಅದೇ ಗ್ರಾಫಿನ ಮೇಲೆ ಮೂರು ಚುಕ್ಕೆ ಇಟ್ಟು ತೋರಿಸಬಹುದು. ಚುಕ್ಕೆಗಳು ನಿಮ್ಮ ಊಹೆಯವು ಎಂದು ಪಕ್ಕದಲ್ಲಿ ಬರೆಯಲು ಮರೆಯಬೇಡಿ.